ಪದಚರ್ಚೆ: ಗ್ಯಾಂಗ್ಲಿಯನ್ನೂ ಗ್ರಂಥಿ, ಗ್ಲ್ಯಾಂಡೂ ಗ್ರಂಥಿ. ಏನು ಬರೆಯಲಿ?

ಪಟ್ಟಿಯವಳು:
ನಮಸ್ಕಾರ. ಪರೀಕ್ಷೆಗೆ ಓದುವವರಿಗೆ, ಒಳ ಅಂಗಗಳನ್ನು ತಾನಾಗಿ ನಡೆಸುವ ಎರಡು ಬಗೆಯ ನರಗಳ ಒಂದು ಪುಟದ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಿಂಪಥೆಟಿಕ್ ಒಂದು ಕಡೆ, ಪ್ಯಾರಾಸಿಂಪಥೆಟಿಕ್ ಇನ್ನೊಂದು ಕಡೆ. ನರ ಎಲ್ಲಿಂದ ಹೊರಡುತ್ತದೆ, ಯಾವ ಗ್ಯಾಂಗ್ಲಿಯನ್‌ನಲ್ಲಿ ಮುಂದಿನ ನರಕ್ಕೆ ದಾಟಿಸುತ್ತದೆ, ಯಾವ ಅಂಗ ಮುಟ್ಟುತ್ತದೆ, ಇಷ್ಟೇ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಗ್ಯಾಂಗ್ಲಿಯನ್‌ಗೆ ‘ಗ್ರಂಥಿ’ ಅಂತ ಹಾಕಿದರೆ ಜೊಲ್ಲಿನ ಸಾಲು ಹೀಗಾಗುತ್ತದೆ: “7ನೇ ಕಪಾಲ ನರ, ದವಡೆಯಡಿಯ ಗ್ರಂಥಿ, ದವಡೆಯಡಿಯ ಗ್ರಂಥಿ”. ಮೊದಲನೆಯದು ನರ ದಾಟುವ ಜಾಗ, ಎರಡನೆಯದು ಜೊಲ್ಲು ಸುರಿಸುವ ಅಂಗ. ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಬೇರೆ ಪದ ಇದೆಯಾ?

ನುಡಿಗಾವಲು:
ನರಗಂಟು. ಅಚ್ಚಗನ್ನಡ. ಇದಕ್ಕೆ ಚರ್ಚೆಯೇ ಬೇಕಿಲ್ಲ.

ತದ್ಭವಪ್ರಿಯ:
ಗಂಟು ಅಚ್ಚಗನ್ನಡ ಅಂತ ಯಾರು ಹೇಳಿದ್ದು? ಸಂಸ್ಕೃತದ ಗ್ರಂಥಿ ಪ್ರಾಕೃತದಲ್ಲಿ ಗಂಠಿ ಆಯಿತು, ಅದೇ ಇಲ್ಲಿ ಗಂಟು. ಅಜ್ಜನನ್ನು ಓಡಿಸಿ ಮೊಮ್ಮಗನನ್ನು ಕೂರಿಸಿದ ಹಾಗಾಯ್ತು.

ಮಣಿಕಟ್ಟು:
ನನ್ನ ಮಣಿಕಟ್ಟಿನ ಮೇಲೆ ಒಂದು ಉಬ್ಬು ಇದೆ. ಡಾಕ್ಟರು ಗ್ಯಾಂಗ್ಲಿಯನ್ ಅಂದರು, ಒಳಗೆ ಲೋಳೆ ತುಂಬಿದೆಯಂತೆ. ನೋವಿಲ್ಲ, ಸುಮ್ನೆ ಬಿಟ್ಟಿದ್ದೇನೆ. ಅದು ನರದ ಗಂಟಾ? ಹಾಗಾದರೆ ಹೆದರಬೇಕಾ?

ಅನಾಟಮಿ ಮೇಷ್ಟ್ರು:
ಅಲ್ಲ. ಅದು ಕೀಲಿನ ಅಥವಾ ಸ್ನಾಯುರಜ್ಜಿನ ಪಕ್ಕದ ಚೀಲ, ನರಕ್ಕೆ ಸಂಬಂಧವಿಲ್ಲ. ಗ್ರೀಕರಲ್ಲಿ ಈ ಹೆಸರು ಮೊದಲಿದ್ದದ್ದು ನಿಮ್ಮಂಥ ಉಬ್ಬಿಗೇ. ನರದ ಉಬ್ಬಿಗೆ ಆಮೇಲೆ ಬಂತು. ಹಾಗಾಗಿ ಬರೀ ‘ಗಂಟು’ ಸಾಲದು, ‘ನರಗಂಟು’ ಅನ್ನಲೇಬೇಕು.

ಎರಡನೇ ವರ್ಷ:
ಪದ ಯಾವುದಾದರೂ ಆಗಲಿ, ಮೇಡಂ. ಸುಲಭದ ದಾರಿ ಹೇಳ್ತೀನಿ. ಪ್ಯಾರಾಸಿಂಪಥೆಟಿಕ್ ಹೊರಡುವುದು ಎರಡು ತುದಿಯಿಂದ: ಮೇಲೆ 3, 7, 9, 10ನೇ ಕಪಾಲ ನರಗಳು, ಕೆಳಗೆ ಬೆನ್ನುಹುರಿಯ ಬಾಲದ ಕಡೆಯ ಮಟ್ಟಗಳಾದ ಎಸ್2ರಿಂದ ಎಸ್4. ಸಿಂಪಥೆಟಿಕ್‌ಗೆ ಗಂಟು ಎಲ್ಲಿದೆಯೋ ಅದೇ ಮಟ್ಟ ಬರೆದರೆ ಆಯ್ತು. ಕಣ್ಣಿನ ಪಾಪೆಗೆ ಕತ್ತಿನ ಮೇಲುಗಂಟು, ಅಂದರೆ ಹೊರಡುವ ಮಟ್ಟ ಕತ್ತು.

ಅನಾಟಮಿ ಮೇಷ್ಟ್ರು:
ಮೊದಲರ್ಧ ಸರಿ. ಎರಡನೆಯದನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋಗುತ್ತದೆ. ಕತ್ತಿನ ಹುರಿಯಿಂದ ಸಿಂಪಥೆಟಿಕ್ ಹೊರಡುವುದೇ ಇಲ್ಲ. ಎದೆಮಟ್ಟದ ಟಿ1ರಿಂದ ಸೊಂಟಮಟ್ಟದ ಎಲ್2ರ ತನಕ ಅಷ್ಟೇ. ಪಾಪೆಗೆ ಹೋಗುವ ನರ ಎದೆಯ ಮೊದಲ ಮಟ್ಟದಲ್ಲಿ ಹೊರಟು, ಶ್ವಾಸಕೋಶದ ತುದಿಯ ಪಕ್ಕದಲ್ಲೇ ಹಾದು, ಕತ್ತಿನಲ್ಲಿ ಮೇಲೇರುತ್ತದೆ. ಮೇಲುಗಂಟಿನಲ್ಲಿ ದಾಟಿ, ಅಲ್ಲಿಂದ ಕ್ಯಾರೊಟಿಡ್ ಅಪಧಮನಿಯನ್ನು ಹಿಡಿದುಕೊಂಡು ತಲೆಯೊಳಗೆ ಹೋಗುತ್ತದೆ.

ಒಬ್ಬ ರೋಗಿಯನ್ನು ಇಟ್ಟುಕೊಂಡು ನೋಡಿ. ಬಲ ಶ್ವಾಸಕೋಶದ ತುದಿಯಲ್ಲಿ ಗೆಡ್ಡೆ. ಬಲಗಣ್ಣಿನ ರೆಪ್ಪೆ ತುಸು ಇಳಿದಿದೆ, ಪಾಪೆ ಚಿಕ್ಕದು, ಆ ಕಡೆಯ ಮುಖ ಬೆವರುತ್ತಿಲ್ಲ. ನರ ಕತ್ತಿನಿಂದ ಹೊರಡುತ್ತಿದ್ದರೆ ಎದೆಯ ಗೆಡ್ಡೆಗೂ ಕಣ್ಣಿಗೂ ಏನು ನಂಟು? ದೀಪ ಆರಿಸಿದರೆ ಎಡಪಾಪೆ ಬೇಗ ಹಿಗ್ಗುತ್ತದೆ, ಬಲದ್ದು ಹಿಂದುಳಿಯುತ್ತದೆ. ಅದೇ 3ನೇ ನರ ಒತ್ತಿಹೋಗಿದ್ದರೆ ಉಲ್ಟಾ. ಕಣ್ಣಗುಳಿಯ ಸಿಲಿಯರಿ ನರಗಂಟಿಗೆ ಸುದ್ದಿ ಮುಟ್ಟದೆ ಪಾಪೆ ದೊಡ್ಡದಾಗೇ ಉಳಿಯುತ್ತದೆ, ಬೆಳಕಿನಲ್ಲಿ ವ್ಯತ್ಯಾಸ ಜಾಸ್ತಿ ಕಾಣುತ್ತದೆ. ರೆಪ್ಪೆಯೂ ಪೂರ್ತಿ ಬೀಳಬಹುದು.

ಆದ್ದರಿಂದ ‘ಹೊರಡುವ ಮಟ್ಟ’ ಮತ್ತು ‘ನರಗಂಟು’ ಬೇರೆ ಬೇರೆ ಕಂಬದಲ್ಲಿರಲಿ.

ನುಡಿಗಾವಲು:
ಎಲ್ಲ ಸರಿ, ಸಿಂಪಥೆಟಿಕ್, ಸಿಲಿಯರಿ, ಕ್ಯಾರೊಟಿಡ್ ಯಾಕೆ ಹಾಗೇ ಬಿಟ್ಟಿರಿ? ಹೀಗೆ ಕಡ ತಂದುಕೊಂಡೇ ಕನ್ನಡದಲ್ಲಿ ಪದ ಹುಟ್ಟಿಸುವವರು ಇಲ್ಲದಂತಾಯ್ತು.

ತದ್ಭವಪ್ರಿಯ:
‘ಅನುಕಂಪ ನರ’ ಅಂತ ಬರೆದು ನೋಡಿ, ನರಕ್ಕೆ ಕರುಣೆ ಇದೆ ಅಂತ ಓದುತ್ತಾರೆ. ಬಂದ ಪದ ಬಂದಹಾಗೇ ಇರಲಿ.

ನುಡಿಗಾವಲು:
ಸೋಮಾರಿತನಕ್ಕೆ ಒಳ್ಳೆ ಹೆಸರು.

ಪಟ್ಟಿಯವಳು:
ಮೇಷ್ಟ್ರೇ, ‘ನರಗಂಟು’ ಹಾಕಿದೆ. ಜೊಲ್ಲಿನ ಸಾಲು ಈಗ “7ನೇ ಕಪಾಲ ನರ, ದವಡೆಯಡಿಯ ನರಗಂಟು, ದವಡೆಯಡಿಯ ಜೊಲ್ಲುಗ್ರಂಥಿ”. ಇನ್ನೊಂದು ತೊಡಕು. ಅಡ್ರಿನಲ್ ಗ್ರಂಥಿಯ ಒಳತಿರುಳಿನ ಸಾಲಿನಲ್ಲಿ ನರಗಂಟಿನ ಜಾಗ ಖಾಲಿ ಬಿಡಲಾ?

ಅನಾಟಮಿ ಮೇಷ್ಟ್ರು:
‘ಇಲ್ಲ’ ಅಂತ ಬರೆಯಿರಿ. ಖಾಲಿ ಬಿಟ್ಟರೆ ಮರೆತದ್ದು ಅಂದುಕೊಳ್ಳುತ್ತಾರೆ. ಎದೆಮಟ್ಟದಿಂದ ಹೊರಟ ನರ ನಡುವೆ ಎಲ್ಲೂ ದಾಟದೆ ನೇರ ಅಲ್ಲಿಗೇ ಹೋಗುತ್ತದೆ. ಆ ಒಳತಿರುಳಿನ ಕಣಗಳು ಭ್ರೂಣದಲ್ಲಿ ಸಿಂಪಥೆಟಿಕ್ ನರಗಂಟಿನ ಕಣಗಳ ಮೂಲದಿಂದಲೇ ಬಂದವು. ತಂತು ಚಾಚುವ ಬದಲು ಅಡ್ರಿನಲಿನ್ ಅನ್ನು ರಕ್ತಕ್ಕೇ ಬಿಡುತ್ತವೆ.

ತದ್ಭವಪ್ರಿಯ:
ನೋಡಿ, ಅದು ಗ್ಯಾಂಗ್ಲಿಯನ್ನೂ ಹೌದು, ಗ್ಲ್ಯಾಂಡೂ ಹೌದು. ಅಲ್ಲಿ ‘ಗ್ರಂಥಿ’ಯೇ ಸರಿ ಅಲ್ವಾ?

ನುಡಿಗಾವಲು:
ಒಂದು ಸಾಲಿಗಾಗಿ ಇಡೀ ಪಟ್ಟಿ ಕೆಡಿಸಬೇಡಿ.