ಕಪ್ಪು ಟೀ ಶರ್ಟ್ ಮಾಕಪ್: ಲೋಗೋ ಮಡಿಕೆಗೆ ಬಾಗದೆ ಪಕ್ಕಕ್ಕೆ ಜರುಗುತ್ತಿದೆ

ಗೆರೆಗಾರ: ಹೊಸ ಲೋಗೋಗೆ ಫೋಟೋಶಾಪ್‌ನಲ್ಲಿ ಟೀ ಶರ್ಟ್ ಮತ್ತು ಕ್ಯಾಪ್ ಮಾಕಪ್ ಮಾಡುತ್ತಿದ್ದೇನೆ. ಶರ್ಟ್ ಫೋಟೋವನ್ನೇ ಕಪ್ಪು-ಬಿಳುಪು ಮಾಡಿ ಮ್ಯಾಪ್ ಆಗಿ ಇಟ್ಟುಕೊಂಡು, `Filter > Distort > Displace` ಹಾಕಿದೆ. ಸ್ಕೇಲ್ ಎರಡೂ 10. ಬೂದು ಶರ್ಟ್ ಮೇಲೆ ಚೆನ್ನಾಗಿ ಬಂತು. ಕಪ್ಪು ಶರ್ಟ್ ಮೇಲೆ ಮಾತ್ರ ಬಿಳಿ ಲೋಗೋ ಇಡಿಯಾಗಿ ಓರೆಗೆ ಜರುಗುತ್ತದೆ, ಮಡಿಕೆ ಕಾಣುವುದೇ ಇಲ್ಲ.

ಬಣ್ಣದಬುಟ್ಟಿ: ಲೋಗೋ ಲೇಯರ್ ಅನ್ನು `Multiply`ಗೆ ಹಾಕಿ. ಮಡಿಕೆ ತಾನಾಗಿ ಬರುತ್ತದೆ. ನಾನು ಯಾವಾಗಲೂ ಹಾಗೇ ಮಾಡೋದು.

ಗೆರೆಗಾರ: ಹಾಕಿದೆ, ಲೋಗೋನೇ ಮಾಯವಾಯಿತು!

ಅಚ್ಚುಮನೆ: ತಿಳಿ ಬಟ್ಟೆ ಮೇಲೆ ಗಾಢ ಲೋಗೋ ಇದ್ದರೆ ಆ ಮಾತು ಸರಿ. ಕಪ್ಪಿನ ಮೇಲೆ ಬಿಳಿ ಅದರಲ್ಲಿ ಉಳಿಯುವುದಿಲ್ಲ. ಅಲ್ಲದೆ ಅದು ನೆರಳು ಕೊಡುತ್ತದೆ ಅಷ್ಟೆ, ಗೆರೆಯನ್ನು ಬಾಗಿಸುವುದಿಲ್ಲ.

ಜರುಗುವುದಕ್ಕೆ ಕಾರಣ ಮ್ಯಾಪ್. 128ರ ನಡು ಬೂದು ಇದ್ದಲ್ಲಿ ಪಿಕ್ಸೆಲ್ ಅಲುಗುವುದಿಲ್ಲ. ಅದಕ್ಕಿಂತ ಗಾಢ ಇದ್ದರೆ ಒಂದು ಕಡೆಗೆ, ತಿಳಿ ಇದ್ದರೆ ಎದುರು ಕಡೆಗೆ ಸರಿಯುತ್ತದೆ. ಸ್ಕೇಲ್ 10 ಅಂದರೆ ಅಡ್ಡಕ್ಕೂ ಉದ್ದಕ್ಕೂ ಹೆಚ್ಚೆಂದರೆ ಸುಮಾರು 13 ಪಿಕ್ಸೆಲ್. ನಿಮ್ಮ ಕಪ್ಪು ಬಟ್ಟೆ 30ರ ಹತ್ತಿರ ಇದ್ದರೆ ಲೋಗೋ ಪೂರ್ತಿ ಎರಡೂ ದಿಕ್ಕಿಗೆ ಹತ್ತು ಹತ್ತು ಪಿಕ್ಸೆಲ್‌ನಷ್ಟು ಸರಿಯುತ್ತದೆ. ಮಡಿಕೆಗೂ ಬಯಲು ಬಟ್ಟೆಗೂ ಇರುವ ವ್ಯತ್ಯಾಸ ಚಿಕ್ಕದು, ಹಾಗಾಗಿ ಬಾಗು ಕಾಣದು. ಬೂದು ಶರ್ಟ್ ನಡು ಬೂದಿನ ಹತ್ತಿರವೇ ಇತ್ತು, ಅಲ್ವಾ?

ಮ್ಯಾಪ್ ಫೈಲ್ ತೆರೆದು `Levels`ನಲ್ಲಿ ಬಿಳಿ ಗುಂಡಿಯನ್ನು ಗ್ರಾಫ್ ಮುಗಿಯುವಲ್ಲಿಗೆ ಎಳೆಯಿರಿ. ಆಮೇಲೆ ನಡು ಗುಂಡಿಯನ್ನು ಸರಿಸುತ್ತಾ, ಮಡಿಕೆ ಇಲ್ಲದ ಜಾಗ `Info`ದಲ್ಲಿ 128ರ ಆಸುಪಾಸು ಬರುವ ಹಾಗೆ ಮಾಡಿ. ಸ್ವಲ್ಪ `Gaussian Blur` ಕೊಡಿ. ಇಲ್ಲದಿದ್ದರೆ ನೇಯ್ಗೆಯ ಎಳೆ ಹಿಡಿದು ಅಕ್ಷರದ ಅಂಚು ಗರಗಸದಂತೆ ಆಗುತ್ತದೆ. ಪಿಎಸ್‌ಡಿ ಆಗಿ ಉಳಿಸಿ, ಮೂಲ ಲೋಗೋ ಮೇಲೆ ಮತ್ತೆ ಫಿಲ್ಟರ್ ಹಾಕಿ.

ನೆರಳಿಗೆ ಬೇರೆ ಪ್ರತಿ ಬೇಕು. ಶರ್ಟ್ ಲೇಯರ್‌ನ ನಕಲನ್ನು ಬಯಲು ಭಾಗ ಹೆಚ್ಚುಕಡಿಮೆ ಬಿಳಿಯಾಗುವಷ್ಟು ತಿಳಿ ಮಾಡಿ ಲೋಗೋಗೆ ಕ್ಲಿಪ್ ಮಾಡಿ. `Multiply` ಹಾಕಬೇಕಾದ್ದು ಇದಕ್ಕೆ.

ಹೊಲಿಗೆಪೆಟ್ಟಿಗೆ: ನನ್ನದು ಕ್ಯಾಪ್. ಆರು ತುಂಡಿನದು, ಮುಂದಿನ ನಡು ಹೊಲಿಗೆ ಲೋಗೋದ ಸಣ್ಣ ಅಕ್ಷರದ ಮೇಲೆ ಬಿತ್ತು. ಮಾಕಪ್‌ನಲ್ಲಿ ಚೆಂದ ಕಂಡಿತ್ತು. ಕಸೂತಿಯಲ್ಲಿ ಅಕ್ಷರ ಸೊಟ್ಟಗಾಯಿತು.

ಅಚ್ಚುಮನೆ: ಮಾಕಪ್‌ನಲ್ಲೂ ಆ ಹೊಲಿಗೆ ಕಾಣುವ ಹಾಗೆ ಬಿಡಿ, ಮುಚ್ಚಬೇಡಿ. ಗಿರಾಕಿ ಮೊದಲೇ ನೋಡಲಿ.

ಗೆರೆಗಾರ: ಬಯಲು ಭಾಗ 126ಕ್ಕೆ ತಂದೆ. ಲೋಗೋ ಜಾಗದಲ್ಲೇ ನಿಂತಿತು, ಎದೆಯ ಎಡಗಡೆ ಮಡಿಕೆ ಹತ್ತಿರ ಗೆರೆ ಬಾಗಿದೆ! ತುಂಬಾ ಥ್ಯಾಂಕ್ಸ್. ಆದರೆ ಕ್ಯಾಪ್‌ನ ಉಬ್ಬಿಗೆ ಈ ಮ್ಯಾಪ್ ಸಾಲುತ್ತಿಲ್ಲ. ಲೋಗೋ ಚಪ್ಪಟೆಯಾಗೇ ಇದೆ.

ಅಚ್ಚುಮನೆ: ಮ್ಯಾಪ್ ಮಡಿಕೆಗೆ ಮಾತ್ರ. ಉಬ್ಬನ್ನು ಮೊದಲು `Warp`ನಿಂದ ತನ್ನಿ. ಎಷ್ಟು ಬಾಗಿಸಬೇಕು ಅನ್ನುವುದು ಫೋಟೋ ತೆಗೆದ ಕೋನಕ್ಕೆ ತಕ್ಕ ಹಾಗೆ. ಫೋಟೋ ಹಾಕಿ, ನೋಡೋಣ.