ಡೆಂಗಿ ಕಾರ್ಡ್: ಎಂ ಗೆರೆ ಇಲ್ಲವೇ ಇಲ್ಲ, ಜಿ ಗೆರೆ ದಪ್ಪ. ಕಿಟ್ ಕೆಟ್ಟಿದೆಯಾ?

ಮಲೆನಾಡ ಲ್ಯಾಬ್:
ತಲೆ ಕೆಟ್ಟು ಹೋಗಿದೆ. ನಲವತ್ತು ದಾಟಿದ ಗಂಡಸು, ಅಡಿಕೆ ತೋಟದವರು. ಕಾಂಬೊ ಕಾರ್ಡ್‌ನಲ್ಲಿ ವೈರಸ್‌ನ ಪ್ರೋಟೀನ್ ಎನ್‌ಎಸ್‌1 ನೆಗೆಟಿವ್. ಆಂಟಿಬಾಡಿ ಕಡೆ ಐಜಿಎಂ ತೋರಿಸುವ ಎಂ ಗೆರೆಯ ಸುಳಿವೂ ಇಲ್ಲ, ಐಜಿಜಿ ತೋರಿಸುವ ಜಿ ಗೆರೆ ಕಂಟ್ರೋಲ್‌ನ ಸಿ ಗೆರೆಗಿಂತ ದಪ್ಪ. ಪ್ಲೇಟ್‌ಲೆಟ್ 48,000. ಡಾಕ್ಟರ್ ಕಾರ್ಡ್ ನೋಡಿ, "ಐಜಿಜಿ ಅಂದ್ರೆ ಯಾವಾಗಲೋ ಬಂದು ಹೋಗಿದ್ದು, ಈಗಿನ ಜ್ವರಕ್ಕೆ ಉತ್ತರ ಕೊಡಿ" ಎಂದು ವಾಪಸ್ ಕಳಿಸಿದರು. ಇನ್ನೊಂದು ಕಾರ್ಡ್ ಹಾಕಿದೆ, ಅದೇ ಕತೆ. ಬೇರೆ ಯಾವ ಕಂಪನಿ ಕಾರ್ಡ್ ತರಿಸಲಿ, ಹೇಳಿ.

ಪೈಪೆಟ್ ರಾಜ:
ಕಿಟ್ಟೇ ಕೆಟ್ಟಿರೋದು, ಇನ್ನೇನು. ಹೊಸ ಸೋಂಕಿಗೆ ಮೊದಲು ಐಜಿಎಂ ಬರಬೇಕು, ಆಮೇಲೆ ಐಜಿಜಿ. ಎಂ ಇಲ್ಲದೆ ಜಿ ಮಾತ್ರ ಬಂತು ಅಂದ್ರೆ ಎಂ ಗೆರೆಯ ಬಣ್ಣ ಸತ್ತಿದೆ. ಕಾರ್ಡ್ ಎಲ್ಲಿಟ್ಟಿದ್ದೀರಿ? ಮಳೆಗಾಲದಲ್ಲಿ ಪೌಚ್ ಒಳಗೆ ತೇವ ಹೋದರೆ ಮುಗೀತು. ಒಳಗಿನ ಸಿಲಿಕಾ ಪೊಟ್ಟಣದ ಬಣ್ಣ ನೋಡಿ.

ಎಲೈಸಾ ಅಕ್ಕ:
ಕಂಪನಿ ಬದಲಾಯಿಸುವ ಮೊದಲು ಎರಡು ಪ್ರಶ್ನೆ. ಸ್ಯಾಂಪಲ್ ತೆಗೆದಾಗ ಜ್ವರ ಶುರುವಾಗಿ ಎಷ್ಟನೇ ದಿನ? ಕಿಟ್ ಜೊತೆ ಬಂದ ಚೀಟಿಯಲ್ಲಿ ಜಿ ಗೆರೆಯ ಬಗ್ಗೆ ಏನು ಬರೆದಿದೆ? ಇವೆರಡು ಗೊತ್ತಿಲ್ಲದೆ ಈ ಕಾರ್ಡನ್ನು ಓದುವುದು ಕಷ್ಟ.

ಮಲೆನಾಡ ಲ್ಯಾಬ್:
ನಿನ್ನೆ ಅಡ್ಮಿಟ್ ಆದರು ಮೇಡಂ. ಜ್ವರದ ದಿನ ಲ್ಯಾಬ್ ಚೀಟಿಯಲ್ಲಿ ಯಾರು ಬರೀತಾರೆ? "ಜ್ವರ, ಡೆಂಗಿ?" ಅಷ್ಟೇ ಇರುತ್ತೆ. ಕಾರ್ಡ್ ರೂಮಿನ ಬೀರುವಿನಲ್ಲಿದೆ, ಸಿಲಿಕಾ ಸರಿಯಾಗಿದೆ, ಸಿ ಗೆರೆಯೂ ಚೆನ್ನಾಗಿ ಬರುತ್ತಿದೆ.

ಪೈಪೆಟ್ ರಾಜ:
ಸಿ ಗೆರೆ ಬಂದರೆ ಸಾಕೇ? ಸೀರಂ ಪಟ್ಟಿಯಲ್ಲಿ ಕೊನೆಯವರೆಗೂ ಹರಿದಿದೆ ಅಂತ ಅದು ಹೇಳುತ್ತೆ, ಅಷ್ಟೇ. ಎಂ ಗೆರೆ ಕೆಲಸ ಮಾಡುತ್ತಿದೆ ಅಂತ ಹೇಳಲ್ಲ.

ಎಲೈಸಾ ಅಕ್ಕ:
ಅದು ನಿಜ. ಹಾಗಾದರೆ ಊಹೆ ಯಾಕೆ? ಐಜಿಎಂ ಪಾಸಿಟಿವ್ ಅಂತ ಗೊತ್ತಿರುವ ಹಳೆಯ ಸೀರಂ ಫ್ರೀಜರಿನಲ್ಲಿ ಇದ್ದರೆ ಅದೇ ಬ್ಯಾಚಿನ ಕಾರ್ಡ್ ಮೇಲೆ ಹಾಕಿ ನೋಡಿ. ಅಷ್ಟರಲ್ಲಿ ವಾರ್ಡಿಗೆ ಹೋಗಿ ರೋಗಿಯ ಮನೆಯವರನ್ನು ಜ್ವರದ ದಿನ ಕೇಳಿ.

ಮಲೆನಾಡ ಲ್ಯಾಬ್:
ಹಳೆಯ ಸೀರಂ ಹಾಕಿದೆ. ಎಂ ಗೆರೆ ಸ್ಪಷ್ಟವಾಗಿ ಬಂತು. ವಾರ್ಡಿಗೂ ಹೋಗಿ ಬಂದೆ. ಹೆಂಡತಿ ಹೇಳುವ ಪ್ರಕಾರ ಸ್ಯಾಂಪಲ್ ತೆಗೆದದ್ದು ಜ್ವರದ ಆರನೇ ದಿನ. ಚೀಟಿಯಲ್ಲಿ ಹೀಗಿದೆ: "ಐಜಿಜಿ ಗೆರೆಯನ್ನು ಎರಡನೇ ಸಲದ ಸೋಂಕಿನಲ್ಲಿ ಕಾಣುವ ಎತ್ತರದ ಮಟ್ಟಕ್ಕೆ ಹೊಂದಿಸಲಾಗಿದೆ." ಇದನ್ನು ಇಷ್ಟು ವರ್ಷ ಯಾರೂ ಓದಿಲ್ಲ ಅನ್ಸುತ್ತೆ.

ಪೈಪೆಟ್ ರಾಜ:
ಒಂದು ಸೀರಂ ಸರಿ ಬಂತು ಅಂದ ಮಾತ್ರಕ್ಕೆ ಬ್ಯಾಚ್ ಸರಿ ಅಂತಲ್ಲ. ಆ ಸೀರಂನಲ್ಲಿ ಐಜಿಎಂ ತುಂಬಾ ಜಾಸ್ತಿ ಇದ್ದಿರಬಹುದು. ಸತ್ತ ಗೆರೆಯೂ ಬಣ್ಣ ತೋರಿಸುತ್ತೆ.

ಎಲೈಸಾ ಅಕ್ಕ:
ರಾಜಣ್ಣ, ಕಾರ್ಡನ್ನು ಒಂದು ನಿಮಿಷ ಬಿಟ್ಟು ಆ ಚೀಟಿಯ ಸಾಲನ್ನು ನೋಡಿ. ಉತ್ತರ ಅಲ್ಲೇ ಇದೆ.

ನೀವು ಹೇಳಿದ "ಮೊದಲು ಎಂ, ಆಮೇಲೆ ಜಿ" ಎನ್ನುವುದು ಮೊದಲ ಸಲ ಡೆಂಗಿ ಬಂದವರ ಕತೆ. ಅವರ ದೇಹಕ್ಕೆ ಆ ವೈರಸ್ ಹೊಸದು. ಜ್ವರದ ಐದನೇ ದಿನದ ಹೊತ್ತಿಗೆ ಬಹಳ ಜನರಲ್ಲಿ ಐಜಿಎಂ ಸಿಗುತ್ತೆ, ಹತ್ತನೇ ದಿನಕ್ಕೆ ಹೆಚ್ಚು ಕಡಿಮೆ ಎಲ್ಲರಲ್ಲೂ. ಐಜಿಜಿ ಮೊದಲ ವಾರದ ಕೊನೆಗೆ ಸ್ವಲ್ಪವೇ ಕಾಣಿಸಿಕೊಂಡು ನಿಧಾನಕ್ಕೆ ಏರುತ್ತೆ.

ಹಿಂದೆ ಒಂದು ಡೆಂಗಿ ಆದವರಿಗೆ ಬೇರೆ ಸೀರೋಟೈಪ್, ಅಂದ್ರೆ ಡೆಂಗಿ ವೈರಸ್‌ನ ಇನ್ನೊಂದು ಬಗೆ, ತಗುಲಿದಾಗ ಆಟವೇ ಬೇರೆ. ಹಳೆಯ ಸೋಂಕಿನಿಂದ ಉಳಿದ ನೆನಪಿನ ಬಿ ಕೋಶಗಳು ಆಗಲೇ ಐಜಿಜಿ ಮಾಡುವುದಕ್ಕೆ ಬದಲಾಗಿ ಕುಳಿತಿವೆ. ವೈರಸ್ ಕಂಡ ಕೂಡಲೇ ಅವು ಐಜಿಜಿಯನ್ನೇ ಸುರಿಯುತ್ತವೆ. ಜ್ವರ ಇರುವಾಗಲೇ ಐಜಿಜಿ ಮೇಲಿರುತ್ತೆ. ಐಜಿಎಂ ಕಡಿಮೆ ಬರುತ್ತೆ, ಕೆಲವರಲ್ಲಿ ಕಿಟ್‌ಗೆ ಸಿಗುವಷ್ಟೂ ಬರೋದಿಲ್ಲ. ಎನ್‌ಎಸ್‌1 ನೆಗೆಟಿವ್ ಆಗಿದ್ದಕ್ಕೂ ಇದೇ ಕಾರಣ ಇರಬಹುದು. ರಕ್ತದಲ್ಲಿರುವ ಐಜಿಜಿ ಎನ್‌ಎಸ್‌1 ಪ್ರೋಟೀನನ್ನು ಕಟ್ಟಿಕೊಂಡು ಕಾರ್ಡ್ ಕಣ್ಣಿಗೆ ಬೀಳದ ಹಾಗೆ ಮಾಡುತ್ತೆ. ಎರಡನೇ ಸಲದವರಲ್ಲಿ ಎನ್‌ಎಸ್‌1 ತಪ್ಪಿಹೋಗುವುದು ಜಾಸ್ತಿ.

ಡಾಕ್ಟರ್ ಹೇಳಿದ್ದೂ ಪೂರ್ತಿ ತಪ್ಪಲ್ಲ. ಸ್ವಲ್ಪ ಐಜಿಜಿ ಇದ್ದರೂ ಹಿಡಿಯುವ ಕಿಟ್ ಆಗಿದ್ದರೆ ಜಿ ಗೆರೆಯಿಂದ "ಯಾವಾಗಲೋ ಬಂದು ಹೋಗಿದೆ" ಅಂತ ಮಾತ್ರ ಹೇಳಬಹುದಿತ್ತು. ನಿಮ್ಮ ಕಿಟ್‌ನ ಜಿ ಗೆರೆ ಹಳೆಯ ಸಣ್ಣ ಮಟ್ಟಕ್ಕೆ ಬರಬಾರದು. ಆರನೇ ದಿನ, ಪ್ಲೇಟ್‌ಲೆಟ್ ಇಳಿದಿದೆ, ಜಿ ದಪ್ಪ. ಎರಡನೇ ಸಲದ ಡೆಂಗಿ ಅಂತ ಅನುಮಾನಿಸಲು ಇಷ್ಟು ಸಾಕು. ರಕ್ತ ಗಟ್ಟಿಯಾಗುತ್ತಿದೆಯಾ ಅಂತ ಹಿಮೆಟೋಕ್ರಿಟ್ ನೋಡುತ್ತಿರಲು ಡಾಕ್ಟರಿಗೆ ಇವತ್ತೇ ಹೇಳಿ. ತೀವ್ರ ಡೆಂಗಿ ಎರಡನೇ ಸಲದವರಲ್ಲೇ ಜಾಸ್ತಿ ಕಾಣುವುದು. ಸೀರಂ ಫ್ರೀಜರಿಗೆ ಹಾಕಿ, ವಾರದ ನಂತರ ಇನ್ನೊಂದು ತೆಗೆದು ಎರಡನ್ನೂ ಜಿಲ್ಲಾ ಲ್ಯಾಬಿಗೆ ಕಳಿಸಿ. ಎರಡೂ ಎಲೈಸಾ ಟೆಸ್ಟಿನ ಒಂದೇ ಪ್ಲೇಟಿನಲ್ಲಿ ಓಡಬೇಕು.

ಹಾಸನದ ಅಮ್ಮ:
ನಾನು ಲ್ಯಾಬಿನವಳಲ್ಲ, ಹುಡುಕುವಾಗ ಈ ಪುಟ ಸಿಕ್ತು. ನನ್ನ ಮಗುವಿಗೆ ಐದು ತಿಂಗಳು. ಜ್ವರ ಬಂದಾಗ ಡೆಂಗಿ ಟೆಸ್ಟಿನಲ್ಲಿ ಐಜಿಜಿ ಮಾತ್ರ ಪಾಸಿಟಿವ್ ಬಂದಿದೆ. ನೀವು ಬರೆದದ್ದು ಓದಿ ಭಯ ಆಗ್ತಿದೆ. ಮಗುವಿಗೂ ಎರಡನೇ ಸಲದ ಡೆಂಗಿಯಾ?

ಎಲೈಸಾ ಅಕ್ಕ:
ಅಮ್ಮ, ಮಗುವಿನ ಲೆಕ್ಕ ಬೇರೆ. ಐಜಿಜಿ ಗರ್ಭದಲ್ಲೇ ತಾಯಿಯಿಂದ ಮಗುವಿಗೆ ಹೋಗುತ್ತೆ, ಐಜಿಎಂ ಹೋಗಲ್ಲ. ನಿಮಗೆ ಹಿಂದೆ ಡೆಂಗಿ ಆಗಿದ್ದರೆ ಆ ಗೆರೆ ನಿಮ್ಮದೇ ಇರಬಹುದು. ಹುಟ್ಟಿದ ಮೇಲೆ ತಿಂಗಳು ಕಳೆದಂತೆ ಇಳಿಯುತ್ತೆ. ಆದರೆ ಗೆರೆ ಯಾರದಾದರೂ ಜ್ವರ ಜ್ವರವೇ. ಸಣ್ಣ ಮಕ್ಕಳಿಗೆ ತಾಯಿಯ ಐಜಿಜಿ ಇದ್ದಾಗ ಮೊದಲ ಡೆಂಗಿಯೇ ಜೋರಾಗಬಹುದು. ಇಲ್ಲಿ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಸೀರಂ ಪೆಟ್ಟಿಗೆ:
ಕಾರ್ಡ್ ನಂಬಿಕೊಂಡು ಯಾಕೆ ಒದ್ದಾಡ್ತೀರೋ. ನಮ್ಮಲ್ಲಿ ಹೋದ ವರ್ಷ ಎಲೈಸಾ ಪ್ಲೇಟಿನ 96 ಬಾವಿ ತೊಳೆಯುವ ಆಟೋಮ್ಯಾಟಿಕ್ ವಾಷರ್ ಬಂತು. ಕೈಯಲ್ಲಿ ತೊಳೆಯೋ ಕಾಲ ಹೋಯ್ತು. ರೀಡರ್ ಕೂಡ ಹೊಸದು, ಎರಡು ತರಂಗಾಂತರದಲ್ಲಿ ಒಟ್ಟಿಗೆ ಓದುತ್ತೆ.

ಪೈಪೆಟ್ ರಾಜ:
ವಾಷರ್ ನಳಿಕೆಯಲ್ಲಿ ಉಪ್ಪು ಕಟ್ಟಿಕೊಂಡರೆ ಪೂರ್ತಿ ಪ್ಲೇಟ್ ಹಾಳು. ಕೈಯೇ ವಾಸಿ.

ಸೀರಂ ಪೆಟ್ಟಿಗೆ:
ಕೆಲಸ ಮುಗಿದ ಮೇಲೆ ನೀರು ಓಡಿಸದಿದ್ದರೆ ಕಟ್ಟಿಕೊಳ್ಳದೆ ಇನ್ನೇನು? ಅದು ವಾಷರ್ ತಪ್ಪಾ?

ಮಲೆನಾಡ ಲ್ಯಾಬ್:
ವಾಷರ್‌ಗೆ ಬೇರೆ ಥ್ರೆಡ್ ಮಾಡಿಕೊಳ್ಳಿ ಮಾರಾಯ್ರೆ. ರೋಗಿ ಮನೆಗೆ ಹೋದರು, ಚೆನ್ನಾಗಿದ್ದಾರೆ. ಹದಿಮೂರನೇ ದಿನ ಎರಡನೇ ಸ್ಯಾಂಪಲ್ ಕೊಟ್ಟರು. ಎರಡೂ ಒಂದೇ ಪ್ಲೇಟಿನಲ್ಲಿ ಓಡಿವೆ, ಸೀರಂ 1:100, ಎರಡೂ ಕ್ಯಾಪ್ಚರ್ ಎಲೈಸಾ. ಅಂಕಿಗಳು ಓಡಿ, ಅಂದ್ರೆ ಬಾವಿಯಲ್ಲಿನ ಬಣ್ಣದ ಗಾಢತೆಯ ಅಳತೆ. ಐಜಿಎಂ ಪ್ಲೇಟಿನ ಗಡಿ 0.30.

ಆರನೇ ದಿನ: ಐಜಿಎಂ 0.21, ಐಜಿಜಿ 1.35.
ಹದಿಮೂರನೇ ದಿನ: ಐಜಿಎಂ 0.34, ಐಜಿಜಿ 1.62.

ಎಲೈಸಾ ಅಕ್ಕ:
ಭಾಗಿಸಿ ನೋಡಿ. ಆರನೇ ದಿನ ಐಜಿಎಂ/ಐಜಿಜಿ ಅನುಪಾತ 0.16, ಹದಿಮೂರನೇ ದಿನ 0.21. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಪಿಡಿಯಲ್ಲಿ, ಸೀರಂ 1:100 ಇದ್ದಾಗ ಅನುಪಾತ 1.2ಕ್ಕಿಂತ ಮೇಲಿದ್ದರೆ ಮೊದಲ ಸಲದ ಸೋಂಕು ಅಂತಿದೆ. ಆ ಗಡಿ ಕಿಟ್‌ನಿಂದ ಕಿಟ್‌ಗೆ ಬದಲಾಗುತ್ತೆ, ಲ್ಯಾಬ್ ತನ್ನದನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ಆದರೆ ನಿಮ್ಮದು ಗಡಿಯ ಹತ್ತಿರವೂ ಇಲ್ಲ, ಬಹಳ ಕೆಳಗಿದೆ. ಐಜಿಎಂ ಹದಿಮೂರನೇ ದಿನ ಅಂತೂ 0.30ರ ಗಡಿ ದಾಟಿದೆ. ಸರ್ಕಾರದ ಪಟ್ಟಿಗೆ ಐಜಿಎಂ ಎಲೈಸಾ ಅಥವಾ ಎನ್‌ಎಸ್‌1 ಎಲೈಸಾ ಬೇಕು, ಕಾರ್ಡ್ ಲೆಕ್ಕಕ್ಕಿಲ್ಲ. ಈ ಎರಡನೇ ಸ್ಯಾಂಪಲ್ ಇಲ್ಲದಿದ್ದರೆ ಈ ಕೇಸ್ ಪಟ್ಟಿಗೇ ಸೇರುತ್ತಿರಲಿಲ್ಲ.

ಪೈಪೆಟ್ ರಾಜ:
ಐಜಿಜಿ ನಾಲ್ಕು ಪಟ್ಟು ಏರಬೇಕು ಅಂತಾರಲ್ಲ. 1.35ರಿಂದ 1.62 ಅಂದ್ರೆ ಕಾಲು ಪಟ್ಟೂ ಏರಿಲ್ಲ. ಹಳೇ ಐಜಿಜಿ ಸುಮ್ನೆ ಕೂತಿದೆ. ಹಾಗಾದರೆ ನಿಮ್ಮ ವಾದ ಬಿತ್ತು ಅಲ್ವಾ?

ಎಲೈಸಾ ಅಕ್ಕ:
ನಾಲ್ಕು ಪಟ್ಟು ಎನ್ನುವುದು ಟೈಟರಿಗೆ, ಓಡಿಗೆ ಅಲ್ಲ. ಸೀರಂ ಅನ್ನು 1:100, 1:200, 1:400 ಹೀಗೆ ತೆಳ್ಳಗೆ ಮಾಡುತ್ತಾ ಹೋಗಿ, ಎಲ್ಲಿಯವರೆಗೆ ಪಾಸಿಟಿವ್ ಇರುತ್ತೋ ಆ ಕೊನೆಯ ಹಂತ ಟೈಟರ್. ಓಡಿ ಮೇಲಕ್ಕೆ ಹೋದಂತೆ ಚಪ್ಪಟೆಯಾಗುತ್ತೆ. ತುಂಬಿದ ಬಸ್ಸಿಗೆ ಇನ್ನೂ ಐವತ್ತು ಜನ ಬಂದರೂ ಸೀಟಿನ ಲೆಕ್ಕ ಬದಲಾಗಲ್ಲ ಅಲ್ವಾ? ಐಜಿಜಿ ಹತ್ತು ಪಟ್ಟು ಏರಿದ್ದರೂ 1.62 ಅಂತಲೇ ತೋರಿಸಬಹುದು. ಏರಿದೆ ಅಂತ ನಾನೂ ಹೇಳುತ್ತಿಲ್ಲ. ಈ ಎರಡು ಅಂಕಿಗಳಿಂದ ಏರಿದೆಯೋ ಇಲ್ಲವೋ ಹೇಳಲು ಆಗಲ್ಲ. ಎರಡೂ ಸೀರಂ ಉಳಿದಿದ್ದರೆ ಒಂದೇ ದಿನ ಅಕ್ಕಪಕ್ಕ ಟೈಟರ್ ಮಾಡಿಸಿ.

ಇನ್ನೊಂದು. ಕ್ಯಾಪ್ಚರ್ ಎಲೈಸಾ ಆಗಿದ್ದಕ್ಕೆ ಈ ಸಣ್ಣ ಐಜಿಎಂ ಸಿಕ್ಕಿತು. ಅದರಲ್ಲಿ ಬಾವಿಯ ತಳ ಮೊದಲು ಐಜಿಎಂ ಅನ್ನೇ ಹಿಡಿದುಕೊಳ್ಳುತ್ತೆ, ಐಜಿಜಿ ತೊಳೆದು ಹೋಗುತ್ತೆ. ಇನ್‌ಡೈರೆಕ್ಟ್ ಆಗಿದ್ದರೆ ತಳದಲ್ಲಿ ಆಂಟಿಜೆನ್ ಇರುತ್ತೆ. ಇಷ್ಟೊಂದು ಐಜಿಜಿ ಅದನ್ನೆಲ್ಲ ಆವರಿಸಿ ಐಜಿಎಂಗೆ ಜಾಗವೇ ಕೊಡುತ್ತಿರಲಿಲ್ಲ. ಅದಕ್ಕೆ ಅಂಥ ಕಿಟ್‌ಗಳಲ್ಲಿ ಮೊದಲು ಐಜಿಜಿ ತೆಗೆಯುವ ದ್ರಾವಣ ಹಾಕಿಸುತ್ತಾರೆ.

ಸೊರಬದ ಸೊಳ್ಳೆ:
ತಡವಾಗಿ ನೋಡಿದೆ. ಎಲ್ಲರೂ "ಎರಡನೇ ಸಲದ ಡೆಂಗಿ" ಅಂತ ಹೇಗೆ ತೀರ್ಮಾನಿಸಿದಿರಿ? ಮಲೆನಾಡಿನ ತೋಟದವರು. ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡಿದ್ದರಾ ಕೇಳಿದಿರಾ? ಅದೂ ಡೆಂಗಿಯ ಹಾಗೆ ಫ್ಲಾವಿ ಗುಂಪಿನ ವೈರಸ್ಸೇ. ಜಪಾನೀಸ್ ಎನ್ಸೆಫಲೈಟಿಸ್ ಕೂಡ. ಮೊದಲನೆಯದು ಡೆಂಗಿಯೇ ಆಗಿರಬೇಕಿಲ್ಲ.

ಮಲೆನಾಡ ಲ್ಯಾಬ್:
ಹೌದು, ಹಿಂದೆ ಎರಡು ಮೂರು ಸಲ ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡಿದ್ದಾರೆ. ನಮ್ಮ ಕಡೆ ಯಾರು ಹಾಕಿಸಿಕೊಂಡಿಲ್ಲ? ಅದು ಡೆಂಗಿಗೆ ಸಂಬಂಧ ಅಂತ ಗೊತ್ತಿರಲಿಲ್ಲ.

ಎಲೈಸಾ ಅಕ್ಕ:
ಒಳ್ಳೆಯ ಪ್ರಶ್ನೆ. ಈ ಗುಂಪಿನ ವೈರಸ್‌ಗಳ ಐಜಿಜಿ ಒಂದಕ್ಕೊಂದು ಅಡ್ಡ ಹಾಯುತ್ತೆ. ಆದರೆ ಮಂಗನ ಕಾಯಿಲೆ ಉಣ್ಣೆ ಹುಳದಿಂದ ಹರಡುವ ಕವಲು, ಡೆಂಗಿಗೆ ಸ್ವಲ್ಪ ದೂರದ ನೆಂಟ. ಕೊಂದ ವೈರಸ್‌ನ ಲಸಿಕೆ, ಅದರ ಆಂಟಿಬಾಡಿ ಬೇಗ ಇಳಿಯುತ್ತೆ ಅಂತಲೇ ಮತ್ತೆ ಮತ್ತೆ ಹಾಕುತ್ತಿದ್ದರು. ಅದೊಂದರಿಂದ ಆರನೇ ದಿನಕ್ಕೆ ಇಷ್ಟು ಐಜಿಜಿ ಬರುತ್ತೆ ಅಂತ ನನಗನ್ನಿಸಲ್ಲ.

ಸೊರಬದ ಸೊಳ್ಳೆ:
ಅನ್ನಿಸೋದು ಬೇರೆ, ತೋರಿಸೋದು ಬೇರೆ. ಮೊದಲ ಸೀರಂ ಉಳಿದಿದ್ದರೆ, ಅದರ ಆಂಟಿಬಾಡಿ ಯಾವ ವೈರಸ್ಸನ್ನು ತಡೆಯುತ್ತೆ ಅಂತ ನೋಡುವ ನ್ಯೂಟ್ರಲೈಸೇಶನ್ ಟೆಸ್ಟ್ ಮಾಡಿಸಬಹುದು, ಪುಣೆಯ ಎನ್‌ಐವಿ ಮಟ್ಟದ ಲ್ಯಾಬ್ ಬೇಕು. ಎರಡನೇ ಸಲದವರಲ್ಲಿ ಅದೂ ಕಲಸುಮೇಲೋಗರ ಆಗಬಹುದು.

ಮಲೆನಾಡ ಲ್ಯಾಬ್:
ಮೊದಲ ಸೀರಂ ಒಂದು ಹನಿ ಉಳಿದಿದೆ ಅಷ್ಟೇ. ಟೈಟರಿಗೆ ಕಳಿಸಲಾ, ನ್ಯೂಟ್ರಲೈಸೇಶನ್‌ಗೆ ಇಡಲಾ?

ಪೈಪೆಟ್ ರಾಜ:
ಎರಡೂ ಬೇಡ. ಹೊಸ ಬ್ಯಾಚಿನ ಕಾರ್ಡಿಗೆ ಹಾಕಿ.

ಸೀರಂ ಪೆಟ್ಟಿಗೆ:
ಟೈಟರ್ ಮಾಡೋದಾದರೆ ನಮ್ಮಲ್ಲಿಗೆ ಕಳಿಸಿ. ಹೊಸ ವಾಷರ್ ಇದೆ ಅಂದೆನಲ್ಲ.