ಪದ ಬೇಕು: ‘ಕನ್ಫಾರ್ಮರ್’, ‘ಟ್ರಾನ್ಸಿಷನ್ ಸ್ಟೇಟ್’ (ಇಂದು ರಾತ್ರಿಯೊಳಗೆ)

ಸು. ಬರೆದದ್ದು:
ನಮಸ್ಕಾರ. ರಸಾಯನಶಾಸ್ತ್ರದ ಭಿತ್ತಿಪತ್ರವೊಂದರ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದೇ ಅಣುವಿನ ಎರಡು ಭಂಗಿಗಳು ಎರಡು ಬೇರೆ ಉತ್ಪನ್ನ ಕೊಡುವ ಕ್ರಿಯೆಗಳ ಕುರಿತ ಕರ್ಟಿನ್–ಹ್ಯಾಮೆಟ್ ತತ್ತ್ವದ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ನನ್ನ ಕರಡು: ‘ಉತ್ಪನ್ನಗಳ ಅನುಪಾತಕ್ಕೂ ಸಂರೂಪಿಗಳ ಪ್ರಮಾಣಕ್ಕೂ ಸಂಬಂಧವಿಲ್ಲ, ಅದನ್ನು ನಿರ್ಧರಿಸುವುದು ಸಂಕ್ರಮಣ ಸ್ಥಿತಿಗಳ ಶಕ್ತಿ.’ ‘ಸಂರೂಪಿ’ ಹಿಂದಿಯಿಂದ ಎತ್ತಿ ತಂದಂತೆ ಕೇಳಿಸುತ್ತದೆ. ‘ಸಂಕ್ರಮಣ ಸ್ಥಿತಿ’ ಎಂದರೆ ಸರ್ಕಾರ ಬದಲಾಗುವ ಕಾಲ ನೆನಪಾಗುತ್ತದೆ. ಬೇರೆ ಪದಗಳಿವೆಯೇ?

ರ. ಕೃ.:
ಇದೆ. ಬಂಧ ಮುರಿಯದೆ, ಬರೀ ತಿರುಗಿ ಅಣು ಬೇರೆ ಭಂಗಿಯಲ್ಲಿ ನಿಂತರೆ ಅದು ‘ನಿಲವು’. ನಿಲ್ ಎಂಬ ಧಾತು ಇರುವಾಗ ‘ಸಂ’ ಏಕೆ? ‘ಸಂಕ್ರಮಣ’ ಸಾಂಕ್ರಾಮಿಕ ರೋಗದ ನೆಂಟ. ಅಣು ಏರಿ ದಾಟಬೇಕಾದ ಎತ್ತರಕ್ಕೆ ‘ಘಟ್ಟ’ ಎನ್ನಿ. ಅದನ್ನು ಸಂಸ್ಕೃತ ಎನ್ನಬೇಡಿ, ಅದು ನಮ್ಮ ‘ಕಟ್ಟು’ವಿನ ಮಗು.

ಗಿ.:
ಮತ್ತೆ ಅದೇ ವಂಶಾವಳಿ! ಸು. ಅವರೇ, ಪದ ಹೇಗೇ ಇರಲಿ, ಸಾಲು ಸರಿಯಾಗಿದೆ. ಪ್ರಮಾಣ ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ಜ. ವಿ.:
‘ನಿಲವು’ ಚೆನ್ನಾಗಿದೆ. ‘ಘಟ್ಟ’ ಬೇಡ. ‘ಕೊನೆಯ ಘಟ್ಟ’ ಎನ್ನುವ ಓದುಗರು ಅದನ್ನು ಹಂತ ಎಂದುಕೊಂಡು, ಅಣು ಅಲ್ಲಿ ತಂಗುತ್ತದೆ ಎಂದು ಭಾವಿಸುತ್ತಾರೆ. ಅದು ನೆತ್ತಿ, ಅಲ್ಲಿ ಯಾವ ಅಣುವೂ ತಂಗುವುದಿಲ್ಲ.

ಆದರೆ ಸಾಲಿನಲ್ಲಿ ನಿಜವಾದ ತಪ್ಪು ‘ಸಂಬಂಧವಿಲ್ಲ’. ಗಿ. ಅವರೂ ಅಲ್ಲೇ ಎಡವಿದ್ದಾರೆ. ಒಂದು ನಿಲವು ನೂರಕ್ಕೆ 90, ಇನ್ನೊಂದು 10 ಇರಲಿ. ವಿರಳವಾದದ್ದು 40 ಪಟ್ಟು ವೇಗವಾಗಿ ವರ್ತಿಸಲಿ. ಆಗ ಉತ್ಪನ್ನಗಳು 90×1ಕ್ಕೆ 10×40, ಅಂದರೆ ಸುಮಾರು 18ಕ್ಕೆ 82. ಪ್ರಮಾಣ ಲೆಕ್ಕದೊಳಗೇ ಕುಳಿತಿದೆ!

ಇದನ್ನೇ ಶಕ್ತಿಯಲ್ಲಿ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿರಳ ನಿಲವು ಮೋಲಿಗೆ 5.4 ಕಿಲೋಜೂಲ್ ಮೇಲಿದೆ. ಆದರೆ ಅದು ಹತ್ತಬೇಕಾದ ಏರು 9.1 ಕಿಲೋಜೂಲ್ ಕಡಿಮೆ. ಕಳೆದರೆ 3.7. ಎರಡು ನೆತ್ತಿಗಳ ಅಂತರ ಅಷ್ಟೇ, ಅನುಪಾತಕ್ಕೆ ಅದೊಂದೇ ಸಾಕು. ಹೊರಟ ನೆಲದ ಎತ್ತರ ಪ್ರಮಾಣದಲ್ಲೊಮ್ಮೆ, ಏರಿನಲ್ಲೊಮ್ಮೆ ಬಂದು ಪರಸ್ಪರ ವಜಾ ಆಗುತ್ತದೆ. ವಜಾ ಆಗುವುದು ಬೇರೆ, ಸಂಬಂಧವಿಲ್ಲದಿರುವುದು ಬೇರೆ. ‘ಪ್ರಮಾಣವನ್ನು ಅನುಸರಿಸುವುದಿಲ್ಲ’ ಎಂದು ಬರೆಯಿರಿ.

ನಾ.:
ಪದದ ವಿಷಯವಲ್ಲ, ಕ್ಷಮಿಸಿ. ಇಂಥದ್ದೇ ಒಂದು ಕ್ರಿಯೆಯಲ್ಲಿ ನಾನು ಕಾರಕದ ಸಾಂದ್ರತೆ ಹೆಚ್ಚಿಸಿದಾಗ ಅನುಪಾತವೇ ಬದಲಾಯಿತು. ನೆತ್ತಿಗಳು ಅಲ್ಲೇ ಇದ್ದವಲ್ಲ? ಹಾಗಾದರೆ ತತ್ತ್ವವೇ ಸುಳ್ಳಲ್ಲವೇ?

ಜ. ವಿ.:
ಸುಳ್ಳಲ್ಲ, ನಿಮಗೆ ಅನ್ವಯಿಸಿಲ್ಲ. ವೇಗದ ನಿಲವು ಖಾಲಿಯಾದಷ್ಟೂ ಇನ್ನೊಂದು ತಿರುಗಿ ಆ ಜಾಗ ತುಂಬುತ್ತಿರಬೇಕು, ಅದೂ ಕ್ರಿಯೆಗಿಂತ ಬಹಳ ಬೇಗ. ಕಾರಕ ಹೆಚ್ಚಾದಾಗ ಕ್ರಿಯೆ ಚುರುಕಾಗಿ, ತುಂಬುವ ಕೆಲಸ ಹಿಂದೆ ಬಿದ್ದಿರಬೇಕು. ಕಾರಕವನ್ನು ಇನ್ನಷ್ಟು ತೆಳುವಾಗಿಸಿ ನೋಡಿ. ಅನುಪಾತ ಒಂದು ಕಡೆ ಬಂದು ನಿಂತರೆ ಅಲ್ಲಿಂದ ತತ್ತ್ವದ ಸೀಮೆ.

ಟ್ರೋಪೇನ್ ಎಂಬ ಅಮೈನ್ ಒಳ್ಳೆಯ ಉದಾಹರಣೆ. ಅದರ ಸಾರಜನಕದ ಮೇಲಿನ ಮೀಥೈಲ್ ಎರಡು ದಿಕ್ಕಿನಲ್ಲಿ ನಿಲ್ಲುತ್ತದೆ. ಇನ್ನೊಂದು ಮೀಥೈಲ್ ಸೇರಿದರೆ ಎರಡು ಉತ್ಪನ್ನಗಳೂ ಒಂದೇ ಆಗಿಬಿಡುತ್ತವೆ. ಆದ್ದರಿಂದ ಕಾರ್ಬನ್-13 ಗುರುತಿನ ಮೀಥೈಲ್ ಅಯೋಡೈಡ್ ಹಾಕಿ, ಹೊಸದು ಯಾವ ಕಡೆಯಿಂದ ಬಂತೆಂದು ನೋಡುತ್ತಾರೆ. ಹೆಚ್ಚಿನ ಉತ್ಪನ್ನ ಬರುವುದು ವಿರಳ ನಿಲವಿನಿಂದ. ಇಂಥದೇ ಅಮೈನನ್ನು ಪ್ರಬಲ ಆಮ್ಲಕ್ಕೆ ಸುರಿಯಿರಿ: ಪ್ರೋಟಾನ್ ಅಂಟುವ ವೇಗಕ್ಕೆ ಸಾರಜನಕ ಮಗುಚಲು ಬಿಡುವೇ ಸಿಗುವುದಿಲ್ಲ. ಆಗ ಅನುಪಾತ ಪ್ರಮಾಣವನ್ನೇ ಅನುಸರಿಸುತ್ತದೆ.

ಗಿ.:
ಒಪ್ಪಿದೆ. ಆದರೂ ಭಿತ್ತಿಪತ್ರಕ್ಕೆ ಇಷ್ಟು ಸೂಕ್ಷ್ಮ ಬೇಕೇ?

ರ. ಕೃ.:
‘ಅಯೋಡೈಡ್’ಗೆ ಬಾಗಿಲು ತೆರೆದವರು ‘ಘಟ್ಟ’ವನ್ನು ಮಾತ್ರ ಹೊರಗೆ ನಿಲ್ಲಿಸಿದ್ದು ಸೋಜಿಗ.

ಜ. ವಿ.:
ಅಯೋಡೈಡ್ ಯಾರಿಗೂ ತಪ್ಪು ಅರ್ಥ ಕೊಡುವುದಿಲ್ಲ. ನನಗಿರುವುದು ಅದೊಂದೇ ನಿಯಮ.

ರ. ಕೃ.:
ಹಾಗಾದರೆ ‘ಸಂಕ್ರಮಣ’ವೂ ಹೋಗಬೇಕು.

ಸು.:
ಅಚ್ಚಿಗೆ ಕಳುಹಿಸಿದೆ: ‘ನಿಲವುಗಳು ಕ್ರಿಯೆಗಿಂತ ಬೇಗ ಅದಲುಬದಲಾಗುತ್ತಿದ್ದರೆ, ಉತ್ಪನ್ನಗಳ ಅನುಪಾತವು ಅವುಗಳ ಪ್ರಮಾಣವನ್ನು ಅನುಸರಿಸುವುದಿಲ್ಲ, ಸಂಕ್ರಮಣ ಸ್ಥಿತಿಗಳ ಶಕ್ತಿಯ ಅಂತರವನ್ನು ಅನುಸರಿಸುತ್ತದೆ.’ ‘ನೆತ್ತಿ’ ಎಂದು ಬರೆದು ಎರಡು ಬಾರಿ ಅಳಿಸಿದೆ, ಧೈರ್ಯ ಸಾಲಲಿಲ್ಲ. ರ. ಕೃ. ಅವರು ಕ್ಷಮಿಸಬೇಕು.